ಎಳ್ಳಮಾವಾಸ್ಯೆ ಬುಟ್ಟಿಯ ಕೊನೆಯ ದಿನ

ಅನುಮಾನ ನನ್ನ ಹುಟ್ಟುಗುಣ. ಸಂತೆಯಲ್ಲಿ ಬದನೆಕಾಯಿಯವ ನಾನು ಕೇಳುವ ಮೊದಲೇ ದರ ಇಳಿಸಿದರೆ ಕಾಯಿಯನ್ನು ತಿರುವಿ ತಿರುವಿ ಹುಳುಕು ಹುಡುಕುತ್ತೇನೆ. ಹುಳುಕು ಸಿಗದಿದ್ದರೆ ಅನುಮಾನ ಇನ್ನೂ ಹೆಚ್ಚಾಗುತ್ತದೆ. ಒಮ್ಮೆ ಸೀರೆ ಅಂಗಡಿಯೊಂದು 'ಒಂದು ಕೊಂಡರೆ ಒಂದು ಉಚಿತ' ಎಂದು ಬೋರ್ಡು ಹಾಕಿತ್ತು. ಎರಡನೆಯ ಸೀರೆಯ ಬೆಲೆಯನ್ನು ಮೊದಲನೆಯದರ ಮೇಲೆಯೇ ಏರಿಸಿ ಕೂರಿಸಿದ್ದಾರೆ ಎಂದು ನಾನು ಅಲ್ಲೇ ನಿಂತು ಜೋರಾಗಿ ಹೇಳಿಬಿಟ್ಟೆ. ಅವತ್ತಿನಿಂದ ನನ್ನ ಗಂಡ ನನ್ನ ಜೊತೆ ಸೀರೆ ಅಂಗಡಿಗೆ ಬರುವುದನ್ನು ಬಿಟ್ಟಿದ್ದಾರೆ.

ಇಂಥವಳು ವ್ಯಾಪಾರ ಮಾಡುತ್ತೇನೆಂದರೆ ಯಾರಾದರೂ ನಗಬೇಕು. ಆದರೆ ಆಳಂದದ ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಾನು ಮತ್ತು ನನ್ನ ನೆಗೆಣ್ಣಿ, ಅಂದರೆ ನನ್ನ ಮೈದುನನ ಹೆಂಡತಿ, ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿಯಂಥ ಚಟ್ನಿಪುಡಿ ಮಾಡಿ ಮಾರುತ್ತೇವೆ. ಶುರು ಮಾಡಿದ್ದು ನಮ್ಮ ಅತ್ತೆ. ಅವರು ಹೋದ ಮೇಲೆ ಒಲೆ, ಕಲ್ಲು, ಹೆಸರು ಎಲ್ಲವೂ ನಮ್ಮಿಬ್ಬರ ಪಾಲಿಗೆ ಬಂದವು. ಅತ್ತೆಯದು ಒಂದೇ ಹಟ: ಹೇಳಿದ ದರ ಹೇಳಿದ್ದೇ. ಚೌಕಾಸಿಗೆ ನಿಂತವರ ಮುಖವನ್ನೂ ನೋಡುತ್ತಿರಲಿಲ್ಲ. ದುಡ್ಡು ಕೊಟ್ಟು ಚೀಲ ಎತ್ತಿಕೊಂಡವರನ್ನು ಮಾತ್ರ "ನಿಂದರ್ರಿ" ಎಂದು ತಡೆದು ಮೇಲೆ ನಾಲ್ಕು ರೊಟ್ಟಿ ಇಡುತ್ತಿದ್ದರು. ಅದು ಕೊಸರು. ಅಳೆದು ಕೊಟ್ಟ ಮೇಲೆ ತಾನಾಗಿ ಕೊಡುವುದು. ಕೇಳಿದವರಿಗೆ ಅದು ಸಿಗುತ್ತಿರಲಿಲ್ಲ.

ನಮ್ಮ ಮಾಲು ಹೆಚ್ಚು ಖರ್ಚಾಗುವುದು ಗಾಣಗಾಪುರದಲ್ಲಿ. ಅಲ್ಲಿ ದೇವಸ್ಥಾನದ ದಾರಿಯಲ್ಲಿ ಪೂಜಾ ಸಾಮಾನಿನ ಅಂಗಡಿಯವರೊಬ್ಬರು ಕುಂಕುಮ, ಊದುಬತ್ತಿ, ಫೋಟೋಗಳ ಪಕ್ಕದ ಕಪಾಟನ್ನು ನಮ್ಮ ಪ್ಯಾಕೆಟ್ಟುಗಳಿಗೆ ಬಿಟ್ಟುಕೊಟ್ಟಿದ್ದಾರೆ. ಮಹಾರಾಷ್ಟ್ರದಿಂದ ಬರುವ ಭಕ್ತರು ಊರಿಗೆ ಹೊರಡುವಾಗ ಕೊಂಡೊಯ್ಯುತ್ತಾರೆ. ಆ ಬೀದಿಯಲ್ಲಿ ಒಂದೊಂದು ಅಂಗಡಿಗೆ ಒಂದೊಂದು ದರ, ಒಬ್ಬೊಬ್ಬ ಗಿರಾಕಿಗೆ ಒಂದೊಂದು ದರ. ಹಾಗಾಗಿ ಭಕ್ತರು ದೇವರನ್ನು ಬಿಟ್ಟು ಬೇರೆ ಯಾರನ್ನೂ ನಂಬುವುದಿಲ್ಲ. "ಅಕ್ಕಾರ, ನಿಮ್ಮ ಪಾಕೀಟಿನ ಮ್ಯಾಲ ಬರದ ದರ ಎಲ್ಲಾ ಕಡಿ ಒಂದೇ ಅದ. ಅದಕ್ಕ ನಾ ಬಾಯಿ ತುಂಬ ಹೇಳಿ ಮಾರ್ತೇನಿ" ಎಂದು ಅಂಗಡಿಯವರು ಯಾವಾಗಲೂ ಹೇಳುತ್ತಿದ್ದರು. ಆ ಕಪಾಟು ಹೋದರೆ ನಮ್ಮ ಶೆಡ್ಡಿನಲ್ಲಿ ಅರ್ಧ ಒಲೆ ಆರಿಸಬೇಕು, ರೊಟ್ಟಿ ಬಡಿಯಲು ಬರುವ ಹೆಂಗಸರನ್ನು ಮನೆಗೆ ಕಳಿಸಬೇಕು. ಇದು ನನಗೆ ಗೊತ್ತಿತ್ತು. ನನ್ನ ನೆಗೆಣ್ಣಿಗೆ ಗೊತ್ತಿದೆಯೋ ಇಲ್ಲವೋ ಎಂಬುದೇ ನನ್ನ ಅನುಮಾನವಾಗಿತ್ತು.

ಯಾಕೆಂದರೆ ಆಕೆ ಕಡಗಂಚಿ ಕಡೆ ನಡೆದ ಯಾವುದೋ ತರಬೇತಿಗೆ ಹೋಗಿ ಬಂದಿದ್ದಳು. ಬಂದವಳ ಬಾಯಲ್ಲಿ ಬರೀ ಆಫರು. ಎಳ್ಳಮಾವಾಸ್ಯೆಗೆ ಜನ ಹೊಲಕ್ಕೆ ಹೋಗಿ ಬೆಳೆಗೆ ನೈವೇದ್ಯವಾಗಿ ಚರಗ ಚೆಲ್ಲುತ್ತಾರೆ, ಸಜ್ಜಿ ರೊಟ್ಟಿ, ಸೊಪ್ಪು-ಕಾಳಿನ ಭಜ್ಜಿ ಊಟ ಮಾಡುತ್ತಾರೆ. ಈಗ ನೌಕರಿ ಮಾಡುವ ಹೆಂಗಸರಿಗೆ ಅಷ್ಟೊಂದು ರೊಟ್ಟಿ ಬಡಿಯಲು ಪುರುಸೊತ್ತಿಲ್ಲ. ಅವರಿಗೆ ಫೋನಿನಲ್ಲೇ ಸಂದೇಶ ಕಳಿಸಿ ಆರ್ಡರ್ ಹಿಡಿಯೋಣ ಎಂದಳು. ಬರೆದ ಸಂದೇಶವನ್ನೂ ತೋರಿಸಿದಳು. 'ಧಮಾಕಾ ಆಫರ್' ಎಂದು ಕೆಂಪಕ್ಷರ, ಅದರ ಸುತ್ತ ಪಟಾಕಿ, ಕೆಳಗೆ 'ಹಿಂಡಿ ಪ್ಯಾಕೆಟ್ಟುಗಳ ಮೇಲೆ ಭಾರಿ ರಿಯಾಯಿತಿ, ತ್ವರೆ ಮಾಡಿ'.

ನನಗೆ ಮೈಯೆಲ್ಲ ಉರಿಯಿತು.

"ಇದನ್ನ ನೋಡಿದವರು ಏನಂತಾರ ಗೊತ್ತೇನು ನಿನಗ? ಶೇಂಗಾ ಮುಗ್ಗು ಹಿಡದಾವ, ಅದಕ್ಕ ಸಸ್ತಾ ಮಾಡಿ ದೂಡಾಕತ್ತಾರ ಅಂತಾರ."

"ಹಂಗ್ಯಾಕ ಅಂತಾರ್ರಿ ಅಕ್ಕಾರ?"

"ನಾ ಆಗಿದ್ರ ಹಂಗೇ ಅಂತಿದ್ದೆ."

ಆಕೆ ನಕ್ಕಳು. "ನಿಮ್ಮಂಗ ಎಲ್ಲಾರೂ ಇರ್ತಾರೇನ್ರಿ?" ಅಂದಳು. ಆದರೆ ಎರಡು ದಿನ ಫೋನನ್ನು ಮುಟ್ಟಲಿಲ್ಲ. ಮೂರನೆಯ ದಿನ ಹಿಟ್ಟು ನಾದುತ್ತಾ ನಾದುತ್ತಾ ಬೇರೆಯದೇ ಮಾತು ತೆಗೆದಳು. ಈಗ ನೆನೆದರೆ, ಅದು ನನ್ನ ಅನುಮಾನದ ಬಾಯಿ ಮುಚ್ಚಿಸಲೆಂದೇ ಕಟ್ಟಿದ ಲೆಕ್ಕಾಚಾರ. ಪ್ಯಾಕೆಟ್ಟಿನ ದರ ಮುಟ್ಟುವುದು ಬೇಡ. ಅಂಗಡಿಯಲ್ಲಿ ಸಿಗದ ಒಂದು ಬುಟ್ಟಿ ಮಾಡೋಣ: ಸಜ್ಜಿ ರೊಟ್ಟಿ, ಜೋಳದ ಕಡಕ್ ರೊಟ್ಟಿ, ಎರಡು ಹಿಂಡಿಯ ಸಣ್ಣ ಪೊಟ್ಟಣ, ನಾಲ್ಕು ಶೇಂಗಾ ಹೋಳಿಗೆ. ಹಬ್ಬಕ್ಕೆ ಮಾತ್ರ, ಹೇಳಿದವರಿಗೆ ಮಾತ್ರ. ಆಗ ಗಾಣಗಾಪುರದ ಕಪಾಟಿನ ಪಕ್ಕ ಇಟ್ಟು ಹೋಲಿಸಲು ಯಾರಿಗೂ ಏನೂ ಸಿಗುವುದಿಲ್ಲ.

"ಮತ್ತ ರಿಯಾಯಿತಿ?" ಎಂದೆ, ಇನ್ನೂ ನಂಬದೆ.

"ಮುಂಚೇನೇ ಹೇಳಿದವರಿಗೆ ಬುಟ್ಟಿ ಸ್ವಲ್ಪ ಕಡಿಮಿಗೆ. ಯಾಕ ಅಂತ ಹೇಳಿಬಿಡೂಣ್ರಿ. ಸಜ್ಜಿ ಹಿಟ್ಟು ಬೀಸಿಟ್ರ ಕಹಿ ಆಗ್ತದ. ಎಷ್ಟು ಬುಟ್ಟಿ ಅಂತ ಮೊದ್ಲೇ ಗೊತ್ತಾದ್ರ ಅಷ್ಟೇ ಸಜ್ಜಿ ತರ್ತೇವಿ, ಅಷ್ಟೇ ಬೀಸಸ್ತೇವಿ. ನಮಗ ಉಳೀತದ, ಅದರಾಗ ಅವರಿಗೂ ಒಂದಿಷ್ಟು. ಇದರಾಗ ಸುಳ್ಳೇನದ?"

ಸುಳ್ಳೇನೂ ಇರಲಿಲ್ಲ, ಅದೇ ನನಗೆ ತೊಂದರೆಯಾಯಿತು. ಸಜ್ಜಿ ಹಿಟ್ಟಿನ ಕಹಿಯನ್ನು ನಾನೇ ವರ್ಷಗಟ್ಟಲೆ ಬೈದುಕೊಂಡು ಚೆಲ್ಲಿದ್ದೇನೆ. ಇನ್ನು ಮನೆಗೆ ಉಚಿತವಾಗಿ ತಲುಪಿಸುವ ಮಾತು. ಯಾರೂ ಏನನ್ನೂ ಉಚಿತವಾಗಿ ತಲುಪಿಸುವುದಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಅದಕ್ಕೂ ಆಕೆಯ ಬಳಿ ಉತ್ತರವಿತ್ತು. ಅಫಜಲಪುರ, ಜೇವರ್ಗಿಯ ಅಂಗಡಿಗಳಿಗೆ ಮಾಲು ಹಾಕಲು ವಾರಕ್ಕೊಮ್ಮೆ ನಮ್ಮ ಟೆಂಪೊ ಹೋಗಿಯೇ ಹೋಗುತ್ತದೆ. ಆ ದಾರಿಯಲ್ಲಿ ಬುಟ್ಟಿ ತೆಗೆದುಕೊಂಡವರಿಗೆ ಸಾಗಣೆ ಖರ್ಚು ಇಲ್ಲ. ಬರೀ ಒಂದು ಹಿಂಡಿ ಪ್ಯಾಕೆಟ್ಟು ಬೇಕು ಎಂದವರು, ಬೇರೆ ಊರಿನವರು, ಆ ಖರ್ಚು ಕೊಡಬೇಕು. ಅದನ್ನು ಹಾಗೆಯೇ ಬರೆಯಬೇಕು.

ಕೊನೆಗೆ ಹೋದ ಸಂದೇಶದಲ್ಲಿ ಪಟಾಕಿ ಇರಲಿಲ್ಲ, ಕೆಂಪಕ್ಷರವೂ ಇರಲಿಲ್ಲ. 'ಎಳ್ಳಮಾವಾಸ್ಯೆಗೆ ಸಜ್ಜಿಯನ್ನು ಎಷ್ಟು ಬೇಕೋ ಅಷ್ಟೇ, ತಾಜಾ ಬೀಸುತ್ತೇವೆ. ಅದಕ್ಕೆ ಮುಂಚೆ ತಿಳಿಸಿ ನೆರವಾದವರಿಗೆ ಬುಟ್ಟಿ ಮುಂಗಡ ದರದಲ್ಲಿ. ಈ ತಾರೀಖಿನ ನಂತರ ಪೂರ್ಣ ದರ. ನಮ್ಮ ಟೆಂಪೊ ಬರುವ ಊರುಗಳಿಗೆ ಬುಟ್ಟಿಯ ಸಾಗಣೆ ನಮ್ಮದು.' ಕೊನೆಯ ತಾರೀಖು, ಎರಡೂ ದರ, ಊರುಗಳ ಹೆಸರು. ಅಷ್ಟೇ. ಓದಿ ನಾನು ಹೂಂ ಅಂದೆ. ಮನಸ್ಸಿನಲ್ಲಿ ಮಾತ್ರ, ಇಷ್ಟು ಜಾಣತನ ಇವಳಿಗೆ ಇದ್ದಕ್ಕಿದ್ದಂತೆ ಎಲ್ಲಿಂದ ಬಂತು, ಇದರ ಹಿಂದೆ ಬೇರೆ ಏನೋ ಇದೆ ಅಂದುಕೊಂಡೆ.

ಆರ್ಡರು ಬಂದವು. ನನ್ನ ನಿರೀಕ್ಷೆಗಿಂತ ಹೆಚ್ಚೇ ಬಂದವು. ತಾರೀಖು ಮುಗಿಯಿತು, ಸಜ್ಜಿ ತಂದೆವು. ಮುಗಿದ ಮರುದಿನದಿಂದ ನನ್ನ ನೆಗೆಣ್ಣಿಯ ನಡವಳಿಕೆ ಬದಲಾಯಿತು. ಫೋನು ಬಂದರೆ ಒಲೆಯ ಮುಂದಿನಿಂದ ಎದ್ದು ತಗಡಿನ ಬಾಗಿಲ ಆಚೆ ಹೋಗುವಳು. ದನಿ ತಗ್ಗಿಸಿ ಮಾತಾಡುವಳು. ಒಳಗೆ ಬಂದಾಗ ಮುಖ ಸಪ್ಪಗಿರುತ್ತಿತ್ತು. "ಯಾರದು?" ಎಂದರೆ "ನಮ್ಮ ಜೇವರ್ಗಿಯವರ್ದು" ಎಂದಷ್ಟೇ ಹೇಳುವಳು. ಜೇವರ್ಗಿ ಆಕೆಯ ತವರು. ಅಲ್ಲಿ ಅವಳ ತಾಯಿ, ಅಣ್ಣ, ಅಣ್ಣನ ಹೆಂಡತಿ ವೈನಿ ಇದ್ದಾರೆ.

ನನಗೆ ಇಷ್ಟು ಸಾಕಾಗಿತ್ತು. ತಾರೀಖು ಮುಗಿದ ಮೇಲೂ ತವರಿನವರಿಗೆ ಮುಂಗಡ ದರಕ್ಕೆ ಗುಟ್ಟಾಗಿ ಬುಟ್ಟಿ ಹಿಡಿಯುತ್ತಿದ್ದಾಳೆ ಎಂದು ತೀರ್ಮಾನಿಸಿದೆ. ರೊಟ್ಟಿ ಬಡಿಯುವಾಗ ಕೈಗೆ ಸುಮ್ಮನೆ ಬಲ ಬಂತು. ಮಗ್ಗುಲಲ್ಲಿ ಕೂತ ಹೆಂಗಸು "ಅಕ್ಕಾರ, ರೊಟ್ಟಿ ಹರೀತದ್ರಿ" ಎಂದಾಗ ಗಮನಿಸಿದೆ. ಕೇಳಿಬಿಡಬೇಕಿತ್ತು. ಕೇಳಲಿಲ್ಲ. ಕೈಗೆ ಸಿಕ್ಕಾಗಲೇ ಹಿಡಿಯೋಣ ಎಂದು ಕಾದೆ.

ಅಷ್ಟರಲ್ಲಿ ಗಾಣಗಾಪುರದಿಂದ ಫೋನು ಬಂತು. ಅಂಗಡಿಯವರ ದನಿಯಲ್ಲಿ ಎಂದಿನ ನಗು ಇರಲಿಲ್ಲ.

"ಅಕ್ಕಾರ, ನಿಮ್ಮ ಮಾಲು ಒಯ್ರಿ."

"ಯಾಕ್ರಿ ಅಣ್ಣಾರ, ಏನಾತು?"

"ಅಫಜಲಪುರದ ಹೆಂಗಸೊಬ್ರು ದರ್ಶನಕ್ಕ ಬಂದಿದ್ರು. ಹಿಂಡಿ ಪಾಕೀಟು ಹಿಡಕೊಂಡು ಕಡಿಮಿ ಮಾಡು ಅಂದ್ರು. ಒಂದೇ ದರ ಅಂದೆ. ಅದಕ್ಕ ಅವರು, ಮಾಡಿದವರೇ ಕೇಳಿದ್ರ ಬಿಡ್ತಾರ, ನೀ ಯಾಕ ಬಿಡಂಗಿಲ್ಲ ಅಂದ್ರು. ಬುಟ್ಟಿ ದಿನ ಮುಗದ ಮ್ಯಾಲೂ ಹಳೇ ದರಕ್ಕ ಕೊಟ್ಟೀರಂತ. ಅವರ ಭಜನಿ ಗ್ರೂಪಿನ್ಯಾಗ ಎಲ್ಲಾರಿಗೂ ಗೊತ್ತದಂತ. ನನ್ನ ಅಂಗಡಿ ಮುಂದ ನಾಲ್ಕು ಮಂದಿ ನಿಂತು ಕೇಳಿದ್ರು. ನಾ ಸುಳ್ಳ ಹೇಳಾವ ಆದೆ."

ನಾನೇ ಬರುತ್ತೇನೆ, ಅಲ್ಲಿಯವರೆಗೆ ಪ್ಯಾಕೆಟ್ಟು ತೆಗೆಯಬೇಡಿ ಎಂದು ಬೇಡಿಕೊಂಡೆ. ಬೇಡಿಕೊಳ್ಳುವುದು ನನಗೆ ಹೊಸದು. ಫೋನು ಇಟ್ಟವಳೇ ನೆಗೆಣ್ಣಿಯ ಮುಂದೆ ಹೋಗಿ ನಿಂತೆ. ಅತ್ತೆ ಕಟ್ಟಿದ ಹೆಸರನ್ನು ತವರಿನವರ ಉಡಿಗೆ ತುಂಬಿದಿ ಅಂದೆ. ಹೆಂಗಸರೆಲ್ಲ ಬಡಿಯುವುದನ್ನು ನಿಲ್ಲಿಸಿದರು.

ಆಕೆ ನನ್ನನ್ನೇ ನೋಡುತ್ತಿದ್ದಳು. ನಿಧಾನಕ್ಕೆ ಕೇಳಿದಳು.

"ಅಫಜಲಪುರದಾಗ ನಮ್ಮವರು ಯಾರದಾರ್ರಿ ಅಕ್ಕಾರ?"

ಯಾರೂ ಇಲ್ಲ. ಅಫಜಲಪುರದಲ್ಲಿ ಇರುವುದು ನನ್ನ ಸ್ವಂತ ಅಕ್ಕ. ಆ ಭಜನಿ ಗ್ರೂಪಿನಲ್ಲಿ ಅವಳೂ ಇದ್ದಾಳೆ.

"ದಿನ ಮುಗದ ಮರುದಿನ ನಿಮ್ಮ ಅಕ್ಕಾರು ಫೋನ್ ಮಾಡಿದ್ರು. 'ನಂದೂ ಒಂದು ಹಿಡಕೊ, ನನಗೇನು ತಾರೀಖು' ಅಂದ್ರು. ನಾ ಏನ್ ಮಾಡ್ಲಿ? ನಿಮ್ಮ ತವರಿನವರಿಗೆ ಇಲ್ಲ ಅಂದ್ರ ನೀವು ಸುಮ್ನಿರ್ತಿದ್ರೇನ್ರಿ? ತನ್ನ ತವರಿನವರಿಗೆ ಕೊಟ್ಟು ನಮ್ಮವರಿಗೆ ಇಲ್ಲಂದ್ಲು ಅಂತಿದ್ರಿ."

"ನಿನ್ನ ತವರಿನವರಿಗೆ ಕೊಟ್ಟೀಯಲ್ಲ ಮತ್ತ?"

"ನಮ್ಮ ವೈನಿ ನಾಲ್ಕು ಸಲ ಕೇಳ್ಯಾರ. ನಾಲ್ಕು ಸಲ ಇಲ್ಲ ಅಂದೇನಿ. ಪೂರಾ ದರಕ್ಕ ಹಿಡಸ್ಯಾರ. ನನ್ನ ಜೋಡಿ ಈಗ ಸರಿಯಾಗಿ ಮಾತಾಡಂಗಿಲ್ಲ."

ತಗಡಿನ ಬಾಗಿಲ ಆಚೆಯ ತಗ್ಗಿದ ದನಿ ಇದಾಗಿತ್ತು. ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಸಿಟ್ಟೂ ಬಂತು. ಬೇರೆ ಯಾವ ಊರಿನಲ್ಲಾದರೂ ಆರ್ಡರು ಬರೆದುಕೊಳ್ಳುವವರು ತಾರೀಖು ಮುಗಿದಿದೆ ಎಂದು ಹೇಳಿ ಫೋನು ಇಡುತ್ತಾರೆ. ನಮ್ಮಲ್ಲಿ ಹಾಗಲ್ಲ. ಸ್ವಂತ ತಾಯಿಮನೆಯವರಿಗೆ ಕಲ್ಲು ಮನಸ್ಸು ಮಾಡಬಹುದು, ಹಿರಿಯ ನೆಗೆಣ್ಣಿಯ ಅಕ್ಕನಿಗೆ ಮಾತ್ರ ಇಲ್ಲ ಅನ್ನಲಾಗದು. ಅನ್ನಲಾಗದಂತೆ ಮಾಡಿದ್ದು ನನ್ನ ನಾಲಿಗೆಯೇ.

ಮೈದುನ ಒಂದು ದಾರಿ ಹೇಳಿದ. ಎಲ್ಲರಿಗೂ ತಾರೀಖು ಮುಂದಕ್ಕೆ ಹಾಕಿಬಿಡಿ, ಯಾರಿಗೂ ಬೇಜಾರಿರುವುದಿಲ್ಲ ಎಂದ. ನೆಗೆಣ್ಣಿ ಒಪ್ಪಲಿಲ್ಲ. "ಹಂಗಾದ್ರ ಹೇಳಿದ ದಿನಕ್ಕ ಹೇಳಿದವರು ಹುಚ್ಚರಾಗ್ತಾರ. ಬರೂ ವರ್ಷ ನಾವು ಯಾವ ತಾರೀಖು ಬರದ್ರೂ ಮಂದಿ ನಗ್ತಾರ" ಎಂದಳು. ಬುಟ್ಟಿಯ ಮಾತು ಶುರುವಾದಾಗಿನಿಂದ ಅವಳ ಮಾತಿಗೆ ನಾನು ಒಳಗೊಂದು ಅನುಮಾನ ಇಟ್ಟುಕೊಳ್ಳದೆ ಹೂಂ ಅಂದದ್ದು ಅದೇ ಮೊದಲು.

ಅಕ್ಕನಿಗೆ ಫೋನು ಮಾಡಿದೆ. ಸುತ್ತಿಬಳಸಿ ಹೇಳಲು ನನಗೆ ಬರುವುದಿಲ್ಲ.

"ಅಕ್ಕಾ, ನಿನ್ನ ಬುಟ್ಟಿ ಪೂರಾ ದರಕ್ಕ ಆಗ್ತದ. ತಾರೀಖು ಮುಗದಿತ್ತು."

ಅಕ್ಕ ಮೊದಲು ನಕ್ಕಳು. ನಾನು ನಗದೇ ಇದ್ದುದನ್ನು ಗಮನಿಸಿ ನಗು ನಿಲ್ಲಿಸಿದಳು. "ಒಡಹುಟ್ಟಿದಾಕಿ ಮನಿ ರೊಟ್ಟಿಗೆ ನಾ ಗಿರಾಕಿ ಏನ ಬೇ?" ಎಂದಳು.

"ಅಕ್ಕ ಆಗಿ ಕೇಳಿದ್ರ ನಾನೇ ಹೊತಗೊಂಡು ಬರ್ತೇನಿ. ನನ್ನ ಮನಿಯಿಂದ, ರೊಕ್ಕ ಇಲ್ಲದ. ಗ್ರೂಪಿನ್ಯಾಗ ಹೇಳೂದಾದ್ರ ತಂಗಿ ಕೊಟ್ಲು ಅಂತ ಹೇಳು. ಕೇಳಿದ್ರ ದರ ಬಿಡ್ತಾರ ಅಂತ ಮಾತ್ರ ಹೇಳಬ್ಯಾಡ. ಅದರಿಂದ ಇಲ್ಲಿ ಕೆಲಸ ಮಾಡೋರ ಹೊಟ್ಟಿ ಮ್ಯಾಲ ಬರ್ತದ."

"ನಿನ್ನ ದಾನ ನನಗ ಬ್ಯಾಡ" ಎಂದು ಫೋನು ಇಟ್ಟಳು. ಸ್ವಲ್ಪ ಹೊತ್ತಿಗೆ ಉಳಿದ ದುಡ್ಡು ಫೋನಿಗೆ ಬಂತು. ಜೊತೆಗೆ ಒಂದು ಮಾತೂ ಇರಲಿಲ್ಲ.

ಮರುದಿನ ಬಸ್ಸು ಹಿಡಿದು ಗಾಣಗಾಪುರಕ್ಕೆ ಹೊರಟೆ. ಚೌಡಾಪುರದಲ್ಲಿ ಇಳಿದು ಆಟೊ ಕಾಯುವಾಗ, ಅವರು ಈಗಾಗಲೇ ಕಪಾಟು ಖಾಲಿ ಮಾಡಿ ಬೇರೆ ಯಾರದೋ ಮಾಲು ಇಟ್ಟಿರಬಹುದು, ಇಲ್ಲವಾದರೆ ಈ ನೆಪ ಹಿಡಿದು ಹೆಚ್ಚು ಕಮಿಷನ್ ಕೇಳಬಹುದು ಎಂದು ಏನೇನೋ ಹೊಳೆಯಿತು. ಅನುಮಾನ ಒಂದು ಪಾಠದಿಂದ ಹೋಗುವ ರೋಗವಲ್ಲ. ಹೋಗಿ ನೋಡಿದರೆ ಪ್ಯಾಕೆಟ್ಟುಗಳು ಅಂಗಡಿಯಲ್ಲೇ ಇದ್ದವು. ಆದರೆ ಕಪಾಟಿನಿಂದ ಇಳಿಸಿ, ಡಬ್ಬಿಗೆ ತುಂಬಿ, ಬಾಗಿಲ ಬಳಿ ಇಟ್ಟಿದ್ದರು. ಅಂಗಡಿಯ ಮುಂದೆ ಮರಾಠಿ ಮಾತಾಡುವ ಒಂದು ಕುಟುಂಬ ಫೋಟೋ ಆರಿಸುತ್ತಿತ್ತು, ಪಕ್ಕದ ಲಾಡ್ಜಿನವರೊಬ್ಬರು ಚಹ ಕುಡಿಯುತ್ತಾ ನಿಂತಿದ್ದರು.

ಅಂಗಡಿಯವರು ನನ್ನನ್ನು ಕೂರಿಸಲಿಲ್ಲ. ಎಲ್ಲರಿಗೂ ಕೇಳುವಂತೆ ಹೇಳಿದರು.

"ಬಂದ್ರ್ಯಾ? ಛಲೋ ಆತು. ನನಗೂ ಒಂದು ಎಳ್ಳಮಾಸಿ ಬುಟ್ಟಿ ಹಿಡಕೋರಿ. ಮುಂಗಡ ದರಕ್ಕ."

ಪರೀಕ್ಷೆ ಎಂದು ತಕ್ಷಣ ತಿಳಿಯಿತು. ಇವರಿಗೆ ಒಂದು ಬುಟ್ಟಿ ಕಡಿಮೆಗೆ ಕೊಟ್ಟರೆ ಕಪಾಟು ಉಳಿಯಬಹುದು, ಕೊಡದಿದ್ದರೆ ಇದ್ದ ಸಿಟ್ಟು ಹೆಚ್ಚಾಗಬಹುದು.

"ದಿನ ಮುಗದದ್ರಿ ಅಣ್ಣಾರ. ಈಗ ಪೂರಾ ದರ."

"ನನಗೂ?"

"ನಿಮಗೂ. ನಮ್ಮ ಅಕ್ಕಗೂ."

"ನಿಮ್ಮ ಅಕ್ಕ ಯಾರ್ರಿ ಇದರಾಗ?"

ನಡೆದದ್ದನ್ನು ಹೇಳಿದೆ. ಹಳೇ ದರಕ್ಕೆ ಹಿಡಿದದ್ದು ಖರೆ, ಹಿಡಿಸಿದವಳು ನನ್ನ ಸ್ವಂತ ಅಕ್ಕ, ನಿನ್ನೆ ಆಕೆಯಿಂದ ಉಳಿದದ್ದನ್ನು ತರಿಸಿಕೊಂಡಿದ್ದೇನೆ, ಆಕೆ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಲಾಡ್ಜಿನವರು ಚಹದ ಕಪ್ಪು ಹಿಡಿದುಕೊಂಡೇ ನನ್ನನ್ನು ನೋಡುತ್ತಿದ್ದರು. ಅಂಗಡಿಯವರು ಬಹಳ ಹೊತ್ತು ನನ್ನ ಮುಖವನ್ನು ಓದಿದರು. ನಾನು ಬದನೆಕಾಯಿಯನ್ನು ನೋಡುವುದು ಹಾಗೆಯೇ ಇರಬೇಕು.

ಆಮೇಲೆ ಬಗ್ಗಿ ಡಬ್ಬಿಯನ್ನು ಎತ್ತಿ ಗಲ್ಲಾ ಮೇಜಿನ ಮೇಲಿಟ್ಟರು. ಒಂದೊಂದೇ ಪ್ಯಾಕೆಟ್ಟು ಮತ್ತೆ ಕಪಾಟಿಗೆ ಹೋಯಿತು. "ಬುಟ್ಟಿ ಬ್ಯಾಡ್ರಿ" ಎಂದರು, ನನ್ನ ಕಡೆ ನೋಡದೆ. "ನಮ್ಮ ಮನ್ಯಾಗ ರೊಟ್ಟಿ ಮಾಡ್ತಾರ." ಊರಿಗೆ ಮರಳುವ ಬಸ್ಸಿನಲ್ಲಿ ನನಗೆ ಅಳು ಬಂತು. ಗೆದ್ದದ್ದಕ್ಕೋ ಅಕ್ಕನಿಗಾಗಿಯೋ ಗೊತ್ತಾಗಲಿಲ್ಲ.

ಹಬ್ಬದ ಹಿಂದಿನ ದಿನ ಶೆಡ್ಡಿನಲ್ಲಿ ಬುಟ್ಟಿ ತುಂಬುವ ಕೆಲಸ. ಅಫಜಲಪುರದ ಗಾಳಿಮಾತು ಕೇಳಿ ಮುಂಚೆ ಹೇಳಿದವರಲ್ಲಿ ಕೆಲವರ ಮನಸ್ಸು ಕಹಿಯಾಗಿರಬಹುದು ಎಂದು ನೆಗೆಣ್ಣಿ ಅವರ ಬುಟ್ಟಿಗಳಲ್ಲಿ ಕೊಸರು ಇಡೋಣ ಎಂದಳು. ಅತ್ತೆ ಇಡುತ್ತಿದ್ದ ಹಾಗೆಯೇ, ನಾಲ್ಕು ರೊಟ್ಟಿ. "ಅದನ್ನೂ ಸಂದೇಶ ಹಾಕ್ತೀಯೇನು?" ಎಂದು ಕೆಣಕಿದೆ. "ಇಲ್ರಿ. ಹೇಳಿ ಕೊಟ್ರ ಅದೂ ಆಫರ್ ಆಗ್ತದ. ಬುಟ್ಟಿ ಬಿಚ್ಚಿದಾಗ ಸಿಗ್ಲಿ" ಎಂದಳು. ತಾರೀಖಿನ ಒಳಗೆ ಹೇಳಿದವರ ಬುಟ್ಟಿಗಳನ್ನು ಗೋಡೆಯ ಪಕ್ಕ, ಆಮೇಲೆ ಹೇಳಿದವರವನ್ನು ಬಾಗಿಲ ಪಕ್ಕ ಇಟ್ಟೆವು. ಅಕ್ಕನ ಬುಟ್ಟಿ ಬಾಗಿಲ ಪಕ್ಕ ಇತ್ತು. ಅಕ್ಕ ಈಗ ಮಾತಾಡುತ್ತಾಳೆ, ಆದರೆ ನನಗೆ ಬಹುವಚನ ಹಚ್ಚಿದ್ದಾಳೆ. "ಆರಾಮ ಅದೀರೇನ್ರಿ?" ಅನ್ನುತ್ತಾಳೆ. ಹುಟ್ಟಿದಾಗಿನಿಂದ 'ಬೇ' ಅಂದ ಬಾಯಲ್ಲಿ ಆ 'ರೀ' ಕೇಳಿದಾಗಲೆಲ್ಲ ಸಂಕಟವಾಗುತ್ತದೆ.

ಅಕ್ಕನ ಬುಟ್ಟಿಯ ಪಕ್ಕದಲ್ಲಿ ಜೇವರ್ಗಿಯ ಬುಟ್ಟಿ ಇತ್ತು. ವೈನಿ ಪೂರ್ಣ ದರಕ್ಕೆ ಹಿಡಿಸಿದ್ದು, ನೆಗೆಣ್ಣಿಯ ತಾಯಿಗೆ ಹೋಗುವುದು. ಆಕೆ ನೀರು ಕುಡಿಯಲು ಎದ್ದು ಹೋದಾಗ ನಾನು ಅದರ ಬಟ್ಟೆ ಸರಿಸಿ ನಾಲ್ಕು ಸಜ್ಜಿ ರೊಟ್ಟಿ ಇಟ್ಟೆ. ಕ್ಷಮಿಸು ಎಂದು ಬಾಯಿಬಿಟ್ಟು ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ. ಇದಾದರೂ ತಿಳಿಯಲಿ ಅಂದುಕೊಂಡೆ.

ಆಕೆ ಬಂದವಳು ಬಟ್ಟೆ ಸರಿದದ್ದನ್ನು ನೋಡಿದಳು. ನನ್ನನ್ನೂ ನೋಡಿದಳು. ಕೂತು, ನಾಲ್ಕೂ ರೊಟ್ಟಿಯನ್ನು ಮುರಿಯದಂತೆ ಎರಡೂ ಕೈಯಲ್ಲಿ ತೆಗೆದು ಗೋಡೆಯ ಪಕ್ಕದ ಬುಟ್ಟಿಗೆ ಹಾಕಿದಳು.

"ನಮ್ಮವ್ವಂದು ತಾರೀಖು ಮುಗದ ಮ್ಯಾಲ ಬಂದದ್ರಿ ಅಕ್ಕಾರ" ಎಂದು ಬಟ್ಟೆಯ ಗಂಟು ಕಟ್ಟಿದಳು.